ಬಾಲಕಿಯರ ವಾಲಿಬಾಲ್ ತಂಡದ ತರಬೇತುದಾರರ ಹುದ್ದೆಗೆ ಅರ್ಜಿ

ಇವರಿಗೆ,
ಮುಖ್ಯಸ್ಥರು,
ಬಾಲಕಿಯರ ವಾಲಿಬಾಲ್ ಅಕಾಡೆಮಿ

ಮಾನ್ಯರೇ,

ವಿಷಯ: 16 ವರ್ಷದೊಳಗಿನ ಬಾಲಕಿಯರ ತಂಡದ ತರಬೇತುದಾರರ ಹುದ್ದೆ ಕೋರಿ

ತಮ್ಮ ಅಕಾಡೆಮಿಯ ಪ್ರಕಟಣೆ ನೋಡಿ ಈ ಅರ್ಜಿ ಸಲ್ಲಿಸುತ್ತಿದ್ದೇನೆ. ಕ್ಲಬ್ ಮಟ್ಟದಲ್ಲಿ 12 ವರ್ಷ ಸೆಟ್ಟರ್ ಆಗಿ ಆಡಿದ್ದೇನೆ. ಕೊನೆಯ 4 ವರ್ಷ ತಂಡದ ನಾಯಕಿಯಾಗಿದ್ದೆ. ನಿವೃತ್ತಿಯ ನಂತರ 2 ಋತು ಕಿರಿಯರ ತಂಡಕ್ಕೆ ಸಹಾಯಕ ತರಬೇತುದಾರಳಾಗಿ ಕೆಲಸ ಮಾಡಿ, ಅಂತಾರಾಷ್ಟ್ರೀಯ ವಾಲಿಬಾಲ್ ಒಕ್ಕೂಟದ ಮೊದಲ ಹಂತದ ತರಬೇತುದಾರರ ಕೋರ್ಸ್ ಮುಗಿಸಿದ್ದೇನೆ. ಒಂದು ತಂಡದ ಪೂರ್ಣ ಹೊಣೆ ಹೊರುವುದು ಇದೇ ಮೊದಲು. ಪದಕಗಳ ಪಟ್ಟಿ ಲಗತ್ತಿನಲ್ಲಿದೆ, ಆದರೆ ಅದನ್ನು ನೋಡಿ ಕೆಲಸ ಕೊಡಿ ಎನ್ನಲಾರೆ. ಆಡಲು ಬಂದವರಿಗೆಲ್ಲ ಕಲಿಸಲು ಬರುವುದಿಲ್ಲ. ಹಾಗಾಗಿ ತಂಡ ನನ್ನ ಕೈಗೆ ಬಂದರೆ ಏನು ಮಾಡುತ್ತೇನೆ ಎಂಬುದನ್ನೇ ಬರೆದಿದ್ದೇನೆ.

ಈ ವಯಸ್ಸಿನ ತಂಡಗಳು ಸೋಲುವುದು ಸ್ಮ್ಯಾಷ್ ಬಾರದೆ ಅಲ್ಲ, ಎದುರಾಳಿಯ ಸರ್ವಿಸ್ ಎತ್ತಲಾಗದೆ. 25 ಅಂಕದ ಸೆಟ್‌ನಲ್ಲಿ ಒಬ್ಬಳೇ ಸರ್ವರ್ ಸತತ ಏಳೆಂಟು ಅಂಕ ಕಿತ್ತುಕೊಂಡರೆ ಮುಂದೆ ಎಷ್ಟು ಎತ್ತರದ ಹುಡುಗಿ ನಿಂತಿದ್ದರೂ ಪ್ರಯೋಜನವಿಲ್ಲ, ಚೆಂಡು ಅವಳವರೆಗೆ ಬರುವುದೇ ಇಲ್ಲ. ಆದ್ದರಿಂದ ಮೊದಲ 6 ವಾರ ಅಭ್ಯಾಸದ ಸುಮಾರು ಅರ್ಧ ಸಮಯ ಸರ್ವಿಸ್ ಮತ್ತು ಮೊದಲ ಪಾಸ್‌ಗೇ ಮೀಸಲು. ಆ ಅವಧಿಯಲ್ಲಿ ಹೊರಗಿನ ಪಂದ್ಯ ಬೇಡ ಎಂದು ಈಗಲೇ ಕೇಳಿಕೊಳ್ಳುತ್ತೇನೆ. ಪಂದ್ಯ ಬಂತೆಂದರೆ ಗೆಲ್ಲುವ ಆತುರದಲ್ಲಿ ಹಳೆಯ ತಪ್ಪೇ ಮರಳಿ ಬರುತ್ತದೆ.

ಪಾಸ್ ಕೆಡುವುದು ಸಾಮಾನ್ಯವಾಗಿ ಕೈಯಲ್ಲಿ ಕಾಣುತ್ತದೆ, ಕಾರಣ ಮಾತ್ರ ಕಾಲಿನಲ್ಲಿರುತ್ತದೆ. ಫ್ಲೋಟ್ ಸರ್ವಿಸ್ ತಿರುಗದೆ ತೇಲಿಬಂದು ಕೊನೆಗಳಿಗೆಯಲ್ಲಿ ವಾಲುತ್ತದೆ. ಹುಡುಗಿ ನಿಂತಲ್ಲೇ ಕಾದಿದ್ದು ಕೊನೆಗೆ ಕೈ ಚಾಚುತ್ತಾಳೆ, ಮೊಣಕೈ ಮಡಚುತ್ತದೆ, ಚೆಂಡು ನೇರ ನೆಟ್ ದಾಟಿ ಎದುರಾಳಿಗೆ ಸ್ಮ್ಯಾಷ್ ಹೊಡೆಯಲು ಹೋಗುತ್ತದೆ. ತಿದ್ದುವ ಕ್ರಮ ಹೀಗೆ: ಸರ್ವರ್ ಕೈಯಿಂದ ಚೆಂಡು ಬಿಟ್ಟ ಕೂಡಲೇ ಕಾಲು ಚಲಿಸಬೇಕು, ಹೆಬ್ಬೆರಳೆರಡೂ ಜೋಡಿ, ಮಣಿಕಟ್ಟು ಕೆಳಗೆ ಬಾಗಿ, ಚೆಂಡು ಮಣಿಕಟ್ಟಿಗಿಂತ ತುಸು ಮೇಲೆ ತಾಗಬೇಕು, ದಿಕ್ಕು ಬದಲಿಸಲು ಕೈ ಬೀಸುವುದಲ್ಲ, ಒಂದು ಭುಜ ತಗ್ಗಿಸುವುದು. ಪ್ರತಿ ಪಾಸ್‌ಗೂ 0ಯಿಂದ 3ರವರೆಗೆ ಅಂಕ ಬರೆಸುತ್ತೇನೆ. ಸೆಟ್ಟರ್ ಎಲ್ಲ ಹೊಡೆತಗಾರ್ತಿಯರಿಗೂ ಕೊಡಬಲ್ಲಳಾದರೆ 3, ಎತ್ತರದ ಚೆಂಡು ಒಂದೇ ದಾರಿ ಎಂದಾದರೆ 1, ಅಂಕ ಹೋದರೆ 0. ಬೆಂಚಿನಲ್ಲಿ ಕೂತವರು ಬರೆಯುತ್ತಾರೆ. ಕೂತವರಿಗೂ ಆಟ ಓದಲು ಬರುತ್ತದೆ.

ಇದಕ್ಕೂ ಮೊದಲಿನ ಒಂದು ಸಣ್ಣ ಸಂಗತಿ, ಚೆಂಡಿನ ಗಾಳಿ. ನಿಯಮದ ಪ್ರಕಾರ ತೂಕ 260ರಿಂದ 280 ಗ್ರಾಂ, ಒತ್ತಡ ಚದರ ಸೆಂಟಿಮೀಟರಿಗೆ 0.30ರಿಂದ 0.325 ಕಿಲೋಗ್ರಾಂ. ಹೆಬ್ಬೆರಳಿನಲ್ಲಿ ಒತ್ತಿ ನೋಡಿ ಸಾಕು ಎಂದರೆ ಚೆಂಡು ಕಲ್ಲಾಗಿಬಿಡುತ್ತದೆ. ಮುಂಗೈ ಕೆಂಪಾದ ಹುಡುಗಿ ಎರಡನೇ ದಿನ ಚೆಂಡು ತಾಗುವ ಹೊತ್ತಿಗೆ ಕೈ ಹಿಂದೆಳೆದುಕೊಳ್ಳುತ್ತಾಳೆ, ಆಮೇಲೆ ನಾವು ಅವಳಿಗೆ ಧೈರ್ಯವಿಲ್ಲ ಎನ್ನುತ್ತೇವೆ. ಗೇಜ್ ಹಾಕಿ ನೋಡದೆ ಅಭ್ಯಾಸ ಶುರು ಮಾಡುವುದಿಲ್ಲ.

ಮೊಣಕಾಲಿನ ವಿಷಯಕ್ಕೆ ಬಂದರೆ, ನೆಗೆಯುವುದಕ್ಕಿಂತ ಇಳಿಯುವುದನ್ನು ಮೊದಲು ಕಲಿಸುತ್ತೇನೆ. ಮೊಣಕಾಲಿನ ಒಳಗಿನ ಎಸಿಎಲ್ ಅಸ್ಥಿರಜ್ಜು ಹರಿಯುವ ಅಪಾಯ ಒಂದೇ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು, ಅದೂ ಬಹುಪಾಲು ಯಾರೂ ತಾಗದೆ, ತಪ್ಪಾಗಿ ಇಳಿಯುವಾಗ. ಬಲಗೈಯವಳಿಗೆ ಸೆಟ್ ಎಡಕ್ಕೆ ಜಾಸ್ತಿ ಹೋದರೆ ಗಾಳಿಯಲ್ಲೇ ವಾಲಿ ಎಡಗಾಲೊಂದರ ಮೇಲೆ ಬೀಳುತ್ತಾಳೆ, ಮೊಣಕಾಲು ಒಳಕ್ಕೆ ಕುಸಿಯುತ್ತದೆ. ಎರಡು ವಾರಕ್ಕೊಮ್ಮೆ ಪ್ರತಿಯೊಬ್ಬಳೂ ಇಳಿಯುವುದನ್ನು ಎದುರಿನಿಂದ, ಮೊಣಕಾಲಿನ ಎತ್ತರದಲ್ಲಿ ಫೋನ್ ಇಟ್ಟು ಚಿತ್ರಿಸಿ ಅವಳಿಗೇ ತೋರಿಸುತ್ತೇನೆ. ಆ ಚಿತ್ರಣ ಅಕಾಡೆಮಿಯ ಫೋನಿನಲ್ಲೇ ಇರಬೇಕು, ನನ್ನದರಲ್ಲಲ್ಲ. ಎರಡೂ ಪಾದ, ಬಾಗಿದ ಮೊಣಕಾಲು, ಸದ್ದಿಲ್ಲದ ಇಳಿತ ಇವಿಷ್ಟು ಬರುವವರೆಗೆ ಪೂರ್ಣ ಓಟದ ಸ್ಮ್ಯಾಷ್ ಇಲ್ಲ. ಹೊಸಬರಿಗೆ ದಿನಕ್ಕೆ 60 ನೆಗೆತ, ವಾರದಲ್ಲಿ 3 ದಿನ ಎಂಬುದು ನಾನು ಹಾಕಿಕೊಂಡಿರುವ ಮಿತಿ. ಬ್ಲಾಕ್‌ನ ನೆಗೆತವೂ ಈ ಲೆಕ್ಕದಲ್ಲೇ. ಮಹಿಳೆಯರ ನೆಟ್ 2.24 ಮೀಟರ್, ಕುಳ್ಳಗಿನ ಹೊಸಬರಿಗೆ ಅಭ್ಯಾಸದಲ್ಲಿ 2.10ಕ್ಕೆ ಇಳಿಸುತ್ತೇನೆ. ಎಟುಕದ ನೆಟ್‌ನಲ್ಲಿ ಬೆನ್ನು ಹಿಂದಕ್ಕೆ ಬಾಗಿಸಿ ಹೊಡೆಯುವ ಚಾಳಿ ಅಂಟಿಕೊಂಡರೆ ಬಿಡಿಸುವುದು ಕಷ್ಟ, ಭುಜಕ್ಕೂ ಕೇಡು. ಬೇಗ ಎತ್ತರ ಬೆಳೆಯುವ ತಿಂಗಳುಗಳಲ್ಲಿ ಮೊಣಕಾಲ ಚಿಪ್ಪಿನ ಕೆಳಗಿನ ಗಂಟು ನೋಯುತ್ತದೆ ಎಂದರೆ ನೆಪವೆಂದು ತಳ್ಳಿಹಾಕುವುದಿಲ್ಲ. ನೆಗೆತ ನಿಲ್ಲಿಸಿ ಪಾಸ್ ಕೆಲಸ ಕೊಡುತ್ತೇನೆ.

15 ವರ್ಷದವರೆಗೆ ಯಾರನ್ನೂ ಒಂದೇ ಸ್ಥಾನಕ್ಕೆ ಕಟ್ಟಿಹಾಕುವುದಿಲ್ಲ. 13ಕ್ಕೇ ಎತ್ತರವಾದವಳನ್ನು ಮಿಡಲ್ ಬ್ಲಾಕರ್ ಮಾಡಿ, ಹಿಂದಿನ ಸಾಲಿಗೆ ಬಂದಾಗೆಲ್ಲ ಲಿಬೆರೊಗೆ ಬಿಟ್ಟುಕೊಡಿಸಿದರೆ ಅವಳು ಪಾಸ್ ಕಲಿಯುವುದೇ ಇಲ್ಲ. 16ಕ್ಕೆ ಉಳಿದವರೂ ಅವಳಷ್ಟೇ ಎತ್ತರವಾದಾಗ ಅವಳ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಹೊಸ ಲಿಬೆರೊಗಳಿಗೆ ಮೊದಲ ದಿನವೇ ಹೇಳುವ ಮಾತು: 3 ಮೀಟರ್ ಗೆರೆಯ ಮುಂದೆ ನಿಂತು ಬೆರಳಿನಿಂದ ಎತ್ತಿಕೊಟ್ಟ ಚೆಂಡನ್ನು ಜೊತೆಗಾತಿ ನೆಟ್‌ಗಿಂತ ಮೇಲೆ ಹೊಡೆದರೆ ಫೌಲ್. ಅಲ್ಲಿ ಮುಂಗೈಯಿಂದಲೇ ಕೊಡಬೇಕು.

ಮುಟ್ಟಿನ ದಿನಗಳ ಬಗ್ಗೆ ಗುಟ್ಟು ಮಾಡುವುದೂ ಇಲ್ಲ, ಎಲ್ಲರೆದುರು ಕೇಳುವುದೂ ಇಲ್ಲ. ಪ್ರತಿ ಹುಡುಗಿ ತನ್ನ ಪುಸ್ತಕದಲ್ಲಿ ಗುರುತಿಟ್ಟುಕೊಳ್ಳುತ್ತಾಳೆ. 3 ತಿಂಗಳು ಸತತ ತಪ್ಪಿದರೆ ತಾಯಿಗೆ ತಿಳಿಸಿ ವೈದ್ಯರಲ್ಲಿಗೆ. ಊಟ ಕಡಿಮೆಯಾಗಿ ಅಭ್ಯಾಸ ಹೆಚ್ಚಾದರೂ ಹೀಗಾಗುತ್ತದೆ, ಮೂಳೆ ಸವೆಯುತ್ತದೆ. ಸಾಲಿನಲ್ಲಿ ನಿಲ್ಲಿಸಿ ತೂಕ ನೋಡುವ ಪದ್ಧತಿ ನನ್ನ ತಂಡದಲ್ಲಿ ಇರದು. ಮುಚ್ಚಿದ ಕೋಣೆಯಲ್ಲಿ ಒಬ್ಬಳೊಡನೆ ಮಾತಿಲ್ಲ, ಸಂದೇಶಗಳೆಲ್ಲ ಪೋಷಕರಿರುವ ಗುಂಪಿನಲ್ಲೇ. ಇದು ಹೆಣ್ಣಾದ ನನಗೂ ಅನ್ವಯಿಸಬೇಕು.

ವಾರಕ್ಕೆ 4 ದಿನ, ದಿನಕ್ಕೆ 2 ಗಂಟೆ ಸಾಕು. 20 ನಿಮಿಷ ಮೈ ಬಿಸಿ ಮತ್ತು ಇಳಿತದ ಅಭ್ಯಾಸ, 50 ನಿಮಿಷ ಸರ್ವಿಸ್ ಮತ್ತು ಪಾಸ್, 40 ನಿಮಿಷ ಆಟ, ಉಳಿದದ್ದು ನೀರು ಮತ್ತು ಕೊನೆಯ ಮೈ ಸಡಿಲಿಕೆ. 12 ಹುಡುಗಿಯರಿಗೆ ಕನಿಷ್ಠ 12 ಚೆಂಡು ಬೇಕು. ನಾಲ್ಕೇ ಚೆಂಡಿದ್ದರೆ ಎಂಟು ಜನ ಸಾಲಿನಲ್ಲಿ ನಿಂತೇ ಇರುತ್ತಾರೆ. ಒಬ್ಬ ಸಹಾಯಕರನ್ನೂ ಕೊಟ್ಟರೆ ಸರ್ವಿಸ್ ಹಾಕಲು ಒಬ್ಬರು, ಪಾಸ್ ತಿದ್ದಲು ಒಬ್ಬರು ಎಂದು ಹಂಚಿಕೊಳ್ಳಬಹುದು.

ಸಂದರ್ಶನದ ಜೊತೆಗೆ ತಮ್ಮ ಹುಡುಗಿಯರೊಂದಿಗೆ 90 ನಿಮಿಷದ ಒಂದು ಅಭ್ಯಾಸ ನಡೆಸಲು ಅವಕಾಶ ಕೊಡಬೇಕೆಂದು ಕೋರುತ್ತೇನೆ. ಮೇಲೆ ಬರೆದದ್ದನ್ನು ಅಲ್ಲೇ ಪರೀಕ್ಷಿಸಬಹುದು. ವೇತನದ ಮಾತು ಆಮೇಲೆ ಆಡೋಣ. ವಾರದ ಯಾವ ದಿನ ಸಂಜೆಯಾದರೂ ಬರಬಲ್ಲೆ. ಆಯ್ಕೆಯಾದರೆ 15 ದಿನದೊಳಗೆ ಕೆಲಸಕ್ಕೆ ಸೇರುತ್ತೇನೆ.

ಲಗತ್ತು: ಕೋರ್ಸ್ ಪ್ರಮಾಣಪತ್ರ, ಪ್ರಥಮ ಚಿಕಿತ್ಸೆ ಪ್ರಮಾಣಪತ್ರ, ಆಡಿದ ಪಂದ್ಯಗಳ ಮತ್ತು ಪದಕಗಳ ಪಟ್ಟಿ, ಮೊದಲ 6 ವಾರದ ದಿನವಾರು ಯೋಜನೆ.

ಇಂತಿ ತಮ್ಮ ವಿಶ್ವಾಸಿ,
ಸುಮಿತ್ರಾ