ಶೈಕ್ಷಣಿಕ ಸ್ವವಿವರ ಮತ್ತು ಸಂಶೋಧನಾ ಸಾರಾಂಶ

ಹುದ್ದೆ: ಸಹಾಯಕ ಪ್ರಾಧ್ಯಾಪಕರು, ಧರ್ಮ ಅಧ್ಯಯನ ವಿಭಾಗ
ಅರ್ಜಿದಾರರು: ಡಾ. ಮಲ್ಲಮ್ಮ ಶರಣಪ್ಪ ಕುಂಬಾರ
ಸ್ಥಳ: ಲಿಂಗಸೂಗೂರು, ರಾಯಚೂರು ಜಿಲ್ಲೆ
ವಿಶೇಷ ಅಧ್ಯಯನ ಕ್ಷೇತ್ರ: ಉತ್ತರ ಕರ್ನಾಟಕದ ಗ್ರಾಮೀಣ ಧರ್ಮಾಚರಣೆ, ಮೊಹರಂ, ದಖನಿನ ಸೂಫಿ ಪರಂಪರೆ, ಹಬ್ಬ ಮತ್ತು ಪಂಚಾಂಗ

ವಿದ್ಯಾರ್ಹತೆ

ಪಿಎಚ್.ಡಿ., ಕನ್ನಡ ವಿಶ್ವವಿದ್ಯಾಲಯ, ಹಂಪಿ, 2021. ಮಹಾಪ್ರಬಂಧ: ‘ಹಬ್ಬ, ಹಕ್ಕು ಮತ್ತು ಋತು: ಲಿಂಗಸೂಗೂರು ಹಾಗೂ ಇಂಡಿ ತಾಲ್ಲೂಕುಗಳ ಮೊಹರಂ ಆಚರಣೆ’.
ಯುಜಿಸಿ-ನೆಟ್ ಹಾಗೂ ಕಿರಿಯ ಸಂಶೋಧನಾ ಶಿಷ್ಯವೇತನ, ಧರ್ಮಗಳ ತುಲನಾತ್ಮಕ ಅಧ್ಯಯನ, 2015.
ಎಂ.ಎ. (ಇತಿಹಾಸ), ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ, 2013, ಪ್ರಥಮ ದರ್ಜೆ.
ಬಿ.ಎ. (ಇತಿಹಾಸ, ಕನ್ನಡ, ಉರ್ದು), 2011.

ಬೋಧನಾ ಅನುಭವ

2021ರಿಂದ ರಾಯಚೂರು ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಮಧ್ಯಕಾಲೀನ ದಖನ್, ಶರಣ ಚಳವಳಿ ಮತ್ತು ಕರ್ನಾಟಕದ ಸಾಂಸ್ಕೃತಿಕ ಇತಿಹಾಸ ನನ್ನ ಪಾಲಿನ ಪತ್ರಿಕೆಗಳು. ಅಂತಿಮ ವರ್ಷದ ವಿದ್ಯಾರ್ಥಿಗಳಿಂದ ಅವರವರ ಊರಿನ ಗುಡಿ, ದರ್ಗಾ, ಮಠಗಳ ಸೇವೆಯ ಸರದಿಯನ್ನು ಬರೆಸುತ್ತಿದ್ದೇನೆ. ಯಾವ ಮನೆತನ ಎಣ್ಣೆ ಕೊಡುತ್ತದೆ, ಯಾರು ಹಲಗೆ ಬಾರಿಸುತ್ತಾರೆ, ಆ ಹಕ್ಕು ಬಂದದ್ದು ಹೇಗೆ ಎಂಬುದನ್ನು ಹಿರಿಯರ ಬಾಯಿಂದಲೇ ಕೇಳಿ ಬರೆಯಬೇಕು. ಧರ್ಮವನ್ನು ಪುಸ್ತಕದಿಂದ ಮಾತ್ರ ಕಲಿಯುವ ವಿದ್ಯಾರ್ಥಿಗೂ ಇದನ್ನು ಒಮ್ಮೆ ಮಾಡಿದ ವಿದ್ಯಾರ್ಥಿಗೂ ಇರುವ ವ್ಯತ್ಯಾಸ ಅವರು ಕೇಳುವ ಪ್ರಶ್ನೆಗಳಲ್ಲೇ ಗೊತ್ತಾಗುತ್ತದೆ.

ಪ್ರಕಟಣೆಗಳು (ಪ್ರತಿಗಳನ್ನು ಅಡಕಗೊಳಿಸಿದೆ)

‘ಗುದ್ದಲಿ ಹಾಕುವ ಹಕ್ಕು’, ಸಂಶೋಧನ ಲೇಖನ, 2019.
‘ರಿವಾಯತ್ ಪದಗಳಲ್ಲಿ ಹೆಣ್ಣಿನ ದನಿ: ಬೀಬಿ ಫಾತಿಮಾಳ ಶೋಕ’, ಸಂಶೋಧನ ಲೇಖನ, 2020.
‘ಅಧಿಕ ಮಾಸವಿಲ್ಲದ ಹಬ್ಬ’, ಸಂಪಾದಿತ ಗ್ರಂಥದಲ್ಲಿ ಅಧ್ಯಾಯ, 2023.
ಮಹಾಪ್ರಬಂಧದ ಪರಿಷ್ಕೃತ ಹಸ್ತಪ್ರತಿ ಪುಸ್ತಕವಾಗಿ ಸಿದ್ಧವಾಗುತ್ತಿದೆ.

ಭಾಷೆಗಳು

ಕನ್ನಡ (ಮಾತೃಭಾಷೆ), ದಖನಿ ಉರ್ದು (ಮಾತು, ನಸ್ತಾಲೀಖ್ ಲಿಪಿಯಲ್ಲಿ ಓದು), ಹಿಂದಿ, ಇಂಗ್ಲಿಷ್. ಮರಾಠಿ ಓದಿ ಅರ್ಥಮಾಡಿಕೊಳ್ಳಬಲ್ಲೆ. ಫಾರಸಿ ಕಲಿಯುತ್ತಿದ್ದೇನೆ, ನಿಘಂಟಿನ ನೆರವಿಲ್ಲದೆ ಓದುವ ಮಟ್ಟ ಇನ್ನೂ ಬಂದಿಲ್ಲ.

ಸಂಶೋಧನಾ ಸಾರಾಂಶ

ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೇನರು ಹುತಾತ್ಮರಾದದ್ದನ್ನು ನೆನೆಯುವ ಮೊಹರಂ, ಮುಸ್ಲಿಮರ ಒಂದು ಮನೆಯೂ ಇಲ್ಲದ ಎಷ್ಟೋ ಕನ್ನಡ ಊರುಗಳಲ್ಲಿ ಊರಹಬ್ಬವಾಗಿ ನಡೆಯುತ್ತದೆ. ಇದರ ಹಿಂದೆ ಬಹಮನಿ ಹಾಗೂ ಆದಿಲಶಾಹಿ ಆಳ್ವಿಕೆಯ ದೀರ್ಘ ಇತಿಹಾಸವಿದೆ. ಬಿಜಾಪುರದ ಸೂಫಿಗಳ ಬಗ್ಗೆ ರಿಚರ್ಡ್ ಈಟನ್ ಅವರೂ ಕರ್ನಾಟಕದ ಮೊಹರಂ ಬಗ್ಗೆ ರಹಮತ್ ತರೀಕೆರೆ ಅವರೂ ಮಾಡಿದ ಕೆಲಸ ನನ್ನಂಥವರಿಗೆ ದಾರಿ ಮಾಡಿಕೊಟ್ಟಿದೆ. ಆ ದಾರಿಯಲ್ಲೇ ಹೊರಟ ನಾನು ಹಿಡಿದದ್ದು ಒಂದು ಸಣ್ಣ ಪ್ರಶ್ನೆ: ಋತುವಿಗೆ ಕಟ್ಟುಬೀಳದ ಹಬ್ಬವನ್ನು ಒಕ್ಕಲುತನದ ಊರು ಹೇಗೆ ನಿಭಾಯಿಸುತ್ತದೆ?

ಕಾರಹುಣ್ಣಿಮೆ, ಶೀಗೆಹುಣ್ಣಿಮೆ, ಎಳ್ಳಮಾಸಿಗಳಿಗೆಲ್ಲ ಹೊಲದ ಕೆಲಸದ ಜೊತೆ ನಂಟಿದೆ. ನಮ್ಮ ಪಂಚಾಂಗದ ಚಾಂದ್ರ ವರ್ಷಕ್ಕೂ ಸುಮಾರು 354 ದಿನಗಳೇ ಇದ್ದರೂ ಎರಡೂವರೆ-ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು ಹಬ್ಬಗಳನ್ನು ಋತುವಿಗೆ ಮತ್ತೆ ಹೊಂದಿಸುತ್ತದೆ. ಹಿಜರಿ ವರ್ಷಕ್ಕೆ ಆ ವ್ಯವಸ್ಥೆ ಇಲ್ಲ. ಹಾಗಾಗಿ ಮೊಹರಂ ಎರಡು-ಮೂರು ವರ್ಷ ನಮ್ಮ ಒಂದೇ ಮಾಸದಲ್ಲಿ ನಿಂತು, ಅಧಿಕ ಮಾಸ ಕಳೆದ ಮೇಲೆ ಹಿಂದಿನ ಮಾಸಕ್ಕೆ ಸರಿಯುತ್ತದೆ. 2015ರಿಂದ 2017ರವರೆಗೆ ಅದು ಆಶ್ವಯುಜದಲ್ಲಿ, ಬನ್ನಿ ಮುಡಿಯುವ ಹಬ್ಬದ ಬೆನ್ನಿಗೇ ಬಂತು. 2018ರಿಂದ 2020ರವರೆಗೆ ಗಣೇಶ ಚೌತಿಯ ಜೊತೆ ಭಾದ್ರಪದದಲ್ಲಿತ್ತು. 2024 ಮತ್ತು 2025ರಲ್ಲಿ ಮೊಹರಂನ ಹತ್ತನೇ ದಿನವೂ ಆಷಾಢ ಏಕಾದಶಿಯೂ ಒಂದೇ ದಿನ ಬಿದ್ದವು.

ಕ್ಷೇತ್ರಕಾರ್ಯಕ್ಕೆ ಮುದಗಲ್ ಸುತ್ತಿನ ಊರುಗಳನ್ನೂ ಇಂಡಿ ತಾಲ್ಲೂಕಿನ, ವಿಠ್ಠಲಭಕ್ತರ ವಾರಕರಿ ಸಂಪ್ರದಾಯವಿರುವ ಊರುಗಳನ್ನೂ ಆರಿಸಿಕೊಂಡೆ. ಚಂದ್ರ ಕಂಡ ಮೇಲೆ ಮಸೂತಿಯ ಮುಂದೆ ಅಲಾಯಿ ಕುಣಿಗೆ, ಅಂದರೆ ಬೆಂಕಿ ಹಾಕುವ ಗುಂಡಿಗೆ, ಗುದ್ದಲಿ ಹಾಕುತ್ತಾರೆ. ಮೊದಲ ಪೆಟ್ಟು ಇಂಥ ಮನೆತನದ್ದೇ ಎಂಬ ಕಟ್ಟಳೆ ಇದೆ. ಆಮೇಲೆ ಪೆಟ್ಟಿಗೆಯಲ್ಲಿದ್ದ ಹಸ್ತದ ಆಕಾರದ ಪಂಜಾಗಳನ್ನು ತೊಳೆದು ದೇವರು ಕೂಡ್ರಿಸುತ್ತಾರೆ. ಸಕ್ಕರೆ ಓದಿಸುವವರು, ಹರಕೆ ಹೊತ್ತು ಫಕೀರರಾಗುವವರು, ಕತ್ತಲ ರಾತ್ರಿ ಕೆಂಡಕ್ಕೆ ಇಳಿಯುವವರು, ದೇವರು ಹಿಡಿಯುವವರು, ಹೀಗೆ ಒಬ್ಬೊಬ್ಬರಿಗೂ ಒಂದೊಂದು ಪಾಲು. ನಾನು ನೋಡಿದ ಒಂದು ಊರಿನಲ್ಲಿ ಗುದ್ದಲಿ ಕುರುಬರ ಮನೆತನದ್ದು, ಕಟ್ಟಿಗೆ ಲಿಂಗಾಯತ ಗೌಡರದ್ದು, ಹಲಗೆ ಮಾದಿಗರದ್ದು, ಓದಿಕೆ ಪಕ್ಕದ ಊರಿನಿಂದ ಬರುವ ಮುಲ್ಲಾ ಅವರದ್ದು.

ಇದನ್ನೆಲ್ಲ ಭಾವೈಕ್ಯ ಎಂದು ಕರೆದು ಸುಮ್ಮನಾಗುವುದು ಸುಲಭ, ಆದರೆ ಸಾಲದು. ಈ ಹಬ್ಬವನ್ನು ಹಿಡಿದು ನಿಲ್ಲಿಸಿರುವುದು ಪ್ರೀತಿಯಷ್ಟೇ ಅಲ್ಲ, ಹಂಚಿಕೆಯಾದ ಹಕ್ಕು ಮತ್ತು ಹೊಣೆ. ಅದರಲ್ಲಿ ಜಾತಿಯ ಮೇಲುಕೀಳೂ ಇದೆ. ಹಲಗೆಯ ಮನೆತನದ ಹುಡುಗರು ‘ನಾವು ಬಾರಿಸುವುದಿಲ್ಲ, ಪಂಜಾ ಹಿಡಿಯುತ್ತೇವೆ’ ಎಂದು ಕೇಳಿದ ಊರುಗಳಿವೆ. ಆ ಬೇಡಿಕೆಯನ್ನು ಸೌಹಾರ್ದಕ್ಕೆ ಬಂದ ಕುಂದು ಎಂದು ನೋಡದೆ ಧಾರ್ಮಿಕ ವಾದವೆಂದೇ ಓದಬೇಕು ಎಂಬುದು ಮಹಾಪ್ರಬಂಧದ ಮುಖ್ಯ ನಿಲುವು.

ಮಾಸ ಸರಿದಾಗ ಈ ಹಂಚಿಕೆಯ ಕೀಲುಗಳು ಕಣ್ಣಿಗೆ ಬೀಳುತ್ತವೆ. ಚೌತಿ ಕೂಡಿ ಬಂದ ವರ್ಷಗಳಲ್ಲಿ ಎರಡೂ ಹಬ್ಬಕ್ಕೆ ಪಟ್ಟಿ ಎತ್ತಿದ್ದು ಅದೇ ಹುಡುಗರ ಗುಂಪು, ಹಾಗಾಗಿ ಲೆಕ್ಕ ಯಾರು ಬರೆಯಬೇಕು ಎಂಬುದೇ ಚರ್ಚೆಯಾಯಿತು. ಪ್ರಬಂಧ ಮುಗಿದ ಮೇಲೂ ಹೋಗುತ್ತಲೇ ಇದ್ದೇನೆ. ಮೊಹರಂ ಆಷಾಢಕ್ಕೆ ಬಂದಾಗ ಇಂಡಿ ಕಡೆಯ ಒಂದು ಊರಿನಲ್ಲಿ ಹೆಜ್ಜೆ ಕುಣಿತದ ಮುಂದಾಳೇ ದಿಂಡಿಯ ಜೊತೆ ಪಂಢರಪುರಕ್ಕೆ ಹೋಗಿದ್ದರು. ಅವರ ತಮ್ಮನ ಮಗ ಕರ್ಬಲಾದ ಕಥೆ ಹೇಳುವ ರಿವಾಯತ್ ಪದಗಳನ್ನು ಮೊಬೈಲಿನಲ್ಲಿ ಕೇಳಿ ಕಲಿತು ಹಾಡಿದ. ತೊಗರಿ ಬಿತ್ತನೆಯ ಕಾಲವಾದ್ದರಿಂದ ಹಗಲಿನ ಮೆರವಣಿಗೆ ಸಂಜೆಗೆ ಹೋಯಿತು, ಮಳೆನೀರು ನಿಲ್ಲದಂತೆ ಕುಣಿಯ ಮೇಲೆ ತಗಡು ಮುಚ್ಚಿದರು. ಆದರೆ ಗುದ್ದಲಿಯ ಮೊದಲ ಪೆಟ್ಟಿನ ಹಕ್ಕಿನಲ್ಲಿ ಒಂದು ಕೂದಲೆಳೆಯಷ್ಟೂ ಬದಲಾವಣೆ ಇಲ್ಲ. ಹೊತ್ತು, ಹಾಡುಗಾರ, ಖರ್ಚು ಬದಲಾಗಬಹುದು, ಸರದಿಗೆ ಮಾತ್ರ ಊರು ಸುಲಭಕ್ಕೆ ಕೈ ಹಾಕುವುದಿಲ್ಲ.

ಹೆಣ್ಣುಮಕ್ಕಳ ಹಾಡಿಕೆಯ ಬಗ್ಗೆ ನನ್ನ ಕೆಲಸ ಇನ್ನೂ ಅರ್ಧದಲ್ಲಿದೆ. ಗಂಡಸರ ಪದಗಳಲ್ಲಿ ಯುದ್ಧ ಮತ್ತು ಸವಾಲು-ಜವಾಬು ಮುಂದಾದರೆ, ಅಡುಗೆಮನೆಯಲ್ಲಿ ಚೊಂಗೆ ತಟ್ಟುತ್ತಾ ಹೆಂಗಸರು ಹಾಡುವಾಗ ತಾಯಿಯ ಸಂಕಟ ಮುಂದಾಗುತ್ತದೆ. ಆ ಒಳಮನೆಗಳಿಗೆ ನನಗೆ ಪ್ರವೇಶ ಸಿಕ್ಕಿದ್ದು ನಾನು ಹೆಣ್ಣು ಎಂಬ ಕಾರಣಕ್ಕೆ. ಧ್ವನಿಮುದ್ರಣಗಳನ್ನು ಹಾಡಿದವರ ಒಪ್ಪಿಗೆ ಇದ್ದರೆ ಮಾತ್ರ ಬಳಸುತ್ತೇನೆ, ಒಂದು ಪ್ರತಿ ಅವರ ಮನೆಗೂ ಕೊಡುತ್ತೇನೆ.

ಮುಂದಿನ ಯೋಜನೆ

2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಮೊಹರಂ ನಿಜ ಜ್ಯೇಷ್ಠಕ್ಕೆ ಸರಿದು, ಕಾರಹುಣ್ಣಿಮೆಯ ಆಸುಪಾಸಿನಲ್ಲಿ 2028ರವರೆಗೆ ನಿಲ್ಲುತ್ತದೆ. 2029ರಲ್ಲಿ ವೈಶಾಖಕ್ಕೆ ಬಂದಾಗ ಬಸವ ಜಯಂತಿಯೂ ಅಲಾಯಿ ಕುಣಿಗೆ ಗುದ್ದಲಿ ಬೀಳುವ ದಿನಗಳೂ ಒಂದೇ ವಾರದಲ್ಲಿ ಕೂಡುತ್ತವೆ. ಲಿಂಗಾಯತ ಮನೆತನಗಳು ದೊಡ್ಡ ಪಾಲು ಹೊತ್ತಿರುವ ಊರುಗಳಲ್ಲಿ ಆ ವರ್ಷ ಏನಾಗುತ್ತದೆಂದು ನೋಡಲು ಈಗಿನಿಂದಲೇ ಸರದಿಗಳನ್ನು ದಾಖಲಿಸಬೇಕಾಗಿದೆ. ನೇಮಕಗೊಂಡರೆ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಜೊತೆಗೂಡಿಸಿಕೊಂಡು ಈ ದಾಖಲೆಯನ್ನು ಬೆಳೆಸುತ್ತೇನೆ. ‘ದಖನಿನ ಸೂಫಿಗಳು ಮತ್ತು ಶರಣರು’ ಹಾಗೂ ‘ಧರ್ಮ ಅಧ್ಯಯನದಲ್ಲಿ ಕ್ಷೇತ್ರಕಾರ್ಯ’ ಎಂಬ ಎರಡು ಪತ್ರಿಕೆಗಳನ್ನು ಮೊದಲ ವರ್ಷದಿಂದಲೇ ಬೋಧಿಸಲು ಸಿದ್ಧಳಿದ್ದೇನೆ. ಇವೆರಡರ ಕರಡು ಪಠ್ಯಕ್ರಮವನ್ನು ಅರ್ಜಿಯ ಜೊತೆ ಲಗತ್ತಿಸಿದ್ದೇನೆ.

ಮೇಲಿನ ವಿವರಗಳೆಲ್ಲ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯವೆಂದು ಪ್ರಮಾಣೀಕರಿಸುತ್ತೇನೆ. ಮೂಲ ದಾಖಲೆಗಳನ್ನು ಸಂದರ್ಶನದ ದಿನ ಹಾಜರುಪಡಿಸುತ್ತೇನೆ.

ಲಿಂಗಸೂಗೂರು, 14 ನವೆಂಬರ್ 2025
ಮಲ್ಲಮ್ಮ ಶ. ಕುಂಬಾರ