ನಿಂಗಪ್ಪಣ್ಣನ ಪಹಣಿ, ಬಿಡಿಸಿ ಓದಿದ್ದು

ಸರ್ವೆ ನಂಬರ್ 48, ಹಿಸ್ಸಾ 3. ಒಟ್ಟು ವಿಸ್ತೀರ್ಣ 2 ಎಕರೆ 20 ಗುಂಟೆ. ಬಿ ಖರಾಬು 5 ಗುಂಟೆ. ಉಳಿದದ್ದು 2 ಎಕರೆ 15 ಗುಂಟೆ.

ಅಣ್ಣಾ, ಆ 5 ಗುಂಟೆ ಹಳ್ಳದ ಜಾಗ, ಸಾರ್ವಜನಿಕರದ್ದು. ಅದನ್ನು ಮಾರೋಕೆ ಬರಲ್ಲ.

ಕಾಲಂ 9: ನಿಂಗಪ್ಪ ಬಿನ್ ಮಲ್ಲಪ್ಪ. ಕಾಲಂ 10: ಪೌತಿ, ಎಂ.ಆರ್. 14/2015-16. ಅಂದ್ರೆ ಅಪ್ಪ ತೀರಿಕೊಂಡ ಮೇಲೆ ಖಾತೆ ನಿಮ್ಮ ಹೆಸರಿಗೆ ಬಂತು. ಹಾಗಂತ ಅಕ್ಕ-ತಂಗಿಯರ ಪಾಲು ಹೋಗಲ್ಲ. ಇದನ್ನು ಮರೀಬೇಡಿ.

ಕಾಲಂ 11, ಋಣ: ಬ್ಯಾಂಕ್ ಆಧಾರ, ರೂ. 1,50,000.

ಜಾಸ್ತಿ ನೋಡಬೇಕಾದ್ದು ಇದನ್ನೇ. ಸಾಲ ತೀರಿಸಿದ್ದೀರಿ, ಆದರೂ ನಮೂದು ಹಾಗೇ ಇದೆ, ಅಲ್ವಾ? ಅದು ತಾನಾಗಿ ಅಳಿಸಿಹೋಗುತ್ತೆ ಅಂತ ಸುಮ್ನೆ ಕೂರಬೇಡಿ. ಬ್ಯಾಂಕಿನಿಂದ ಋಣಮುಕ್ತ ಪತ್ರ ಬರೆಸಿಕೊಳ್ಳಿ. ತಾಲ್ಲೂಕು ಕಚೇರಿಯಲ್ಲಿ ಕೊಟ್ಟು ನಮೂದು ತೆಗೆಸಿ. ಪಹಣಿಯಲ್ಲಿ ಕಾಣದ ನೋಂದಾಯಿತ ಅಡಮಾನವೂ ಇರಬಹುದು. ಅದಕ್ಕೆ ಉಪನೋಂದಣಿ ಕಚೇರಿಯ ಇ.ಸಿ., ಅಂದ್ರೆ ಋಣಭಾರ ಪ್ರಮಾಣಪತ್ರ, ಬೇರೆಯೇ ತೆಗೆಸಬೇಕು.

ಕಾಲಂ 12: ಮುಂಗಾರು, ಮಳೆ ಆಶ್ರಿತ. ರಾಗಿ 1 ಎಕರೆ 30 ಗುಂಟೆ, ತೊಗರಿ 25 ಗುಂಟೆ.

ಹೊಲದಲ್ಲಿ ಇರೋದೇ ಇಲ್ಲಿ ಇರಬೇಕು. ತಪ್ಪಿದ್ದರೆ ಬೆಳೆ ವಿಮೆಗೂ ಬೆಂಬಲ ಬೆಲೆಗೂ ತೊಂದರೆ. ಬೆಳೆ ಸಮೀಕ್ಷೆ ನಡೆಯುವಾಗಲೇ ಆಕ್ಷೇಪಣೆ ಕೊಡಿ.