ಎಂಜಿನ್ ಬಿಸಿಯಾಗುವ ತೊಂದರೆ: ಎರಡು ಬಾರಿ ಕೊಟ್ಟ ಕಾರು, ನಾಲ್ಕು ತಿಂಗಳ ನಂತರದ ವಿಮರ್ಶೆ

ಕಾರನ್ನು ಮನೆಗೆ ತಂದ ದಿನವೇ ಈ ವಿಮರ್ಶೆ ಬರೆದಿದ್ದರೆ ಈ ಗ್ಯಾರೇಜಿಗೆ ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತಿದ್ದೆ. ಮೂರನೆಯ ವಾರದಲ್ಲಿ ಬರೆದಿದ್ದರೆ ಒಂದು ಕೊಡುತ್ತಿದ್ದೆ. ಈಗ, 2026ರ ಮಾರ್ಚ್ ತಿಂಗಳಲ್ಲಿ, ಎರಡನೆಯ ರಿಪೇರಿಯಾಗಿ ಮೂರು ತಿಂಗಳು ಕಳೆದು ಕಾರು 3,100 ಕಿಲೋಮೀಟರ್ ಓಡಿದ ಮೇಲೆ ಮೂರು ನಕ್ಷತ್ರ ಕೊಡುತ್ತಿದ್ದೇನೆ. ಕಾರಣಗಳನ್ನು ಕೆಳಗೆ ವಿವರವಾಗಿ ಬರೆದಿದ್ದೇನೆ.

ನನ್ನದು ಹನ್ನೊಂದು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಳೆದ ಅಕ್ಟೋಬರಿನಲ್ಲಿ ಉಡುಪಿಯಿಂದ ಶಿವಮೊಗ್ಗಕ್ಕೆ ಹಿಂತಿರುಗುವಾಗ, ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುತ್ತಿದ್ದಂತೆ, ಹದಿನಾಲ್ಕು ತಿರುವುಗಳಲ್ಲಿ ಅರ್ಧದಷ್ಟು ದಾಟುವ ಹೊತ್ತಿಗೆ ಉಷ್ಣಾಂಶದ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತ್ತು. ಎ.ಸಿ. ಆರಿಸಿ, ಹೀಟರ್ ಹಾಕಿ, ಅಗಲ ಸಿಕ್ಕ ಕಡೆ ನಿಲ್ಲಿಸಿ, ಎಂಜಿನ್ ತಣ್ಣಗಾದ ಮೇಲೆ ನೋಡಿದರೆ ಕೂಲಂಟಿನ ಹೆಚ್ಚುವರಿ ಡಬ್ಬಿ ಪೂರ್ತಿ ಖಾಲಿಯಾಗಿತ್ತು. ಜೊತೆಯಲ್ಲಿದ್ದ ಬಾಟಲಿ ನೀರು ತುಂಬಿಸಿಕೊಂಡು ಹೇಗೋ ಮನೆ ಸೇರಿದೆ. ಅದಾದ ಮೇಲೂ ಎರಡು ವಾರ ಊರೊಳಗೆ ನೀರು ಹಾಕಿಕೊಂಡೇ ಓಡಿಸಿದೆ. ಅದಕ್ಕೂ ಹಿಂದಿನ ಎರಡು ವರ್ಷ ಕೂಲಂಟ್ ಕಡಿಮೆಯಾದಾಗಲೆಲ್ಲ ಬೋರ್‌ವೆಲ್ ನೀರನ್ನೇ ಸುರಿದವನೂ ನಾನೇ. ಅದರ ಫಲ ರೇಡಿಯೇಟರಿನ ಒಳಗೆ ಕಂಡಿದ್ದರಿಂದ ಇದನ್ನು ಮೊದಲೇ ಹೇಳಿಬಿಡಬೇಕು.

2025ರ ನವೆಂಬರ್ 10ರ ಸೋಮವಾರ ಬೆಳಿಗ್ಗೆ ಕಾರನ್ನು ಒಪ್ಪಿಸಿದೆ. ಮಧ್ಯಾಹ್ನ ಮಾಲೀಕರೇ ಫೋನ್ ಮಾಡಿ, ರೇಡಿಯೇಟರಿನ ಕೆಳಭಾಗ ಕಟ್ಟಿಕೊಂಡಿದೆ, ಥರ್ಮೋಸ್ಟಾಟ್ ಕೂಡ ಬದಲಾಯಿಸುವುದು ಒಳ್ಳೆಯದು, ಹೊಸ ಕೂಲಂಟ್ ಮತ್ತು ಲೇಬರ್ ಎಲ್ಲ ಸೇರಿ ಎಂಟು ಸಾವಿರದೊಳಗೆ ಆಗುತ್ತದೆ, ಬುಧವಾರ ಸಂಜೆ ಗಾಡಿ ಕೊಡುತ್ತೇವೆ ಎಂದರು. ಹಳೆಯ ಭಾಗಗಳನ್ನು ನನಗೇ ಹಿಂತಿರುಗಿಸಬೇಕೆಂದು ಕೇಳಿದಾಗ ಮುಖ ಸಿಂಡರಿಸದೆ ಒಪ್ಪಿಕೊಂಡರು. ಕೊಡುವಾಗ ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿಯೇ ಇಟ್ಟಿದ್ದರು. ಈ ಒಂದು ಅಭ್ಯಾಸಕ್ಕಾಗಿ ಅವರನ್ನು ಮೆಚ್ಚುತ್ತೇನೆ.

ವಿಳಂಬದ ವಿಷಯದಲ್ಲಿ ಮೆಚ್ಚುವಂಥದ್ದು ಏನೂ ಇಲ್ಲ. ಬುಧವಾರ ಸಂಜೆ ಎಂದದ್ದು ಶನಿವಾರ ಸಂಜೆಯಾಯಿತು. ಬೆಂಗಳೂರಿನಿಂದ ಬಂದ ರೇಡಿಯೇಟರ್ ಬೇರೆ ಮಾದರಿಯದಾಗಿದ್ದು ಅದನ್ನು ವಾಪಸ್ ಕಳುಹಿಸಬೇಕಾಯಿತು ಎಂಬುದು ಅವರು ಕೊಟ್ಟ ಕಾರಣ. ಅದು ನಿಜವಿರಬಹುದು, ಹನ್ನೊಂದು ವರ್ಷದ ಗಾಡಿಗೆ ಇಂಥದ್ದು ಆಗುತ್ತದೆ. ನನ್ನ ಆಕ್ಷೇಪ ಇರುವುದು ವಿಳಂಬಕ್ಕಿಂತ ಹೆಚ್ಚಾಗಿ ಅದನ್ನು ತಿಳಿಸದೆ ಇದ್ದುದಕ್ಕೆ. ಬುಧವಾರ ಸಂಜೆ ಆರು ಗಂಟೆಗೆ ನಾನು ಆಟೊ ಹಿಡಿದು ಗ್ಯಾರೇಜಿನ ಬಾಗಿಲಿಗೆ ಹೋಗಿ ನಿಂತ ಮೇಲೆಯೇ ತಪ್ಪು ಭಾಗ ಬಂದಿರುವ ಸಂಗತಿ ತಿಳಿಯಿತು. ಆ ಭಾಗ ಅವರ ಕೈಸೇರಿದ್ದು ಅಂದು ಬೆಳಿಗ್ಗೆಯೇ. ಗುರುವಾರ ಮತ್ತು ಶುಕ್ರವಾರ ನಾನಾಗಿಯೇ ಫೋನ್ ಮಾಡಿದೆ, ಎರಡೂ ದಿನ "ನಾಳೆ ಬೆಳಿಗ್ಗೆ ರೆಡಿ ಆಗುತ್ತೆ ಸಾರ್" ಎಂಬ ಒಂದೇ ಉತ್ತರ ಬಂತು.

ಇನ್ನು ಬಿಲ್ಲು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಇಲ್ಲಿ ಗ್ಯಾರೇಜಿನ ಒಳ್ಳೆಯ ಮುಖವೂ ಅಜಾಗರೂಕತೆಯೂ ಒಟ್ಟಿಗೆ ಕಂಡವು. ಮುದ್ರಿತ ಬಿಲ್ಲಿನಲ್ಲಿ ರೇಡಿಯೇಟರ್ 4,200, ಥರ್ಮೋಸ್ಟಾಟ್ 850, ಕೂಲಂಟ್ 1,100, ಲೇಬರ್ 1,800, ಬಂಪರ್ ಬಿಚ್ಚಿ ಕೂರಿಸಿದ್ದಕ್ಕೆ 600, ಇತರೆ ಸಾಮಗ್ರಿ 350 ರೂಪಾಯಿ ಎಂದು ಪ್ರತಿಯೊಂದೂ ಬೇರೆ ಬೇರೆ ಸಾಲಿನಲ್ಲಿತ್ತು. ತೆರಿಗೆ ಸೇರಿ ಒಟ್ಟು 10,922 ರೂಪಾಯಿ. ಫೋನಿನಲ್ಲಿ ಕೇಳಿದ್ದು ಎಂಟು ಸಾವಿರದೊಳಗೆ.

ಮೇಲ್ನೋಟಕ್ಕೆ ಇದು ಮೋಸದಂತೆ ಕಾಣುತ್ತದೆ, ಕೌಂಟರಿನಲ್ಲಿ ನನಗೂ ಹಾಗೆಯೇ ಅನ್ನಿಸಿತು. ಕೂತು ಲೆಕ್ಕ ಹಾಕಿದಾಗ ವಿಷಯ ಬೇರೆಯಾಗಿತ್ತು. ಅಂದು ಹೇಳಿದ ನಾಲ್ಕು ಬಾಬತ್ತುಗಳ ಮೊತ್ತ ತೆರಿಗೆ ಬಿಟ್ಟು 7,950 ರೂಪಾಯಿ, ಅಂದರೆ ಆ ಅಂದಾಜು ಸರಿಯಾಗಿಯೇ ಇತ್ತು. ತೆರಿಗೆ ಪ್ರತ್ಯೇಕ ಎಂಬುದನ್ನು ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಆದರೆ ಬಂಪರಿನ 600 ರೂಪಾಯಿಯನ್ನು ಮೊದಲೇ ಹೇಳಬೇಕಿತ್ತು; ಈ ಗಾಡಿಯಲ್ಲಿ ಬಂಪರ್ ಬಿಚ್ಚದೆ ರೇಡಿಯೇಟರ್ ಹೊರಗೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿರುವ ಸಂಗತಿ, ನನಗಲ್ಲ.

ಇದಕ್ಕಿಂತ ದೊಡ್ಡ ತಪ್ಪು ತೆರಿಗೆಯ ಸಾಲಿನಲ್ಲಿತ್ತು. ರೇಡಿಯೇಟರಿಗೆ ಶೇ. 14ರಂತೆ ಎರಡು ಬಾರಿ, ಒಟ್ಟು ಶೇ. 28 ಜಿಎಸ್‌ಟಿ ಹಾಕಿದ್ದರು. ವಾಹನಗಳ ಬಿಡಿಭಾಗಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದ್ದು, ಈ ಬಿಲ್ಲಿನ ದಿನಾಂಕ ನವೆಂಬರ್ 15. ವ್ಯತ್ಯಾಸ 420 ರೂಪಾಯಿ. ಅದನ್ನು ತೋರಿಸಿದಾಗ ಬಿಲ್ಲಿಂಗ್ ಮಾಡುತ್ತಿದ್ದ ಹುಡುಗಿ ವಾದ ಮಾಡಲಿಲ್ಲ. ಸಾಫ್ಟ್‌ವೇರಿನಲ್ಲಿ ಕೆಲವು ಭಾಗಗಳ ದರ ಹಳೆಯದೇ ಉಳಿದಿದೆ ಎಂದು ನನ್ನ ಎದುರಿನಲ್ಲಿಯೇ ತಿದ್ದಿದಳು. ಆ ಏಳೆಂಟು ವಾರಗಳಲ್ಲಿ ಗಮನಿಸದೆ ಹಣ ಕಟ್ಟಿ ಹೋದ ಗ್ರಾಹಕರು ಎಷ್ಟು ಮಂದಿಯೋ. ಇತರೆ ಸಾಮಗ್ರಿ ಎಂದರೆ ಏನು ಎಂದು ಕೇಳಿದ್ದಕ್ಕೆ ಬಟ್ಟೆ, ಕ್ಲೀನರ್, ಸೀಲಂಟ್ ಎಂದರು. ಎಷ್ಟು ಸೀಲಂಟ್ ಎಂದು ಕೇಳಿದಾಗ ಮಾಲೀಕರು ನಕ್ಕು ಆ ಸಾಲನ್ನೇ ತೆಗೆಸಿದರು. ಕೊನೆಗೆ ಕಟ್ಟಿದ್ದು 10,089 ರೂಪಾಯಿ.

ಕೆಲಸದ ಗುಣಮಟ್ಟಕ್ಕೆ ಬಂದರೆ, ಹಳೆಯ ರೇಡಿಯೇಟರನ್ನು ಮನೆಯಲ್ಲಿ ತಿರುಗಿಸಿ ನೋಡಿದೆ. ಕೆಳಗಿನ ಮೂರನೇ ಒಂದು ಭಾಗದ ಕೊಳವೆಗಳು ಕಂದು ಬಣ್ಣದ ಗಸಿಯಿಂದ ಮುಚ್ಚಿಹೋಗಿದ್ದವು. ಅದನ್ನು ಬದಲಾಯಿಸಿದ್ದು ಅನಗತ್ಯ ಎನ್ನಲಾರೆ, ಬೋರ್‌ವೆಲ್ ನೀರಿನ ಸಾಕ್ಷಿ ಕಣ್ಣೆದುರಿಗಿತ್ತು. ಥರ್ಮೋಸ್ಟಾಟಿನ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾರೆ. ಅದನ್ನು ಪಾತ್ರೆಯ ನೀರಿನಲ್ಲಿ ಇಟ್ಟು ಕಾಯಿಸಿದಾಗ ನೀರು ಕುದಿಯುವ ಮುಂಚೆಯೇ ಅದರ ಬಾಯಿ ಸರಾಗವಾಗಿ ತೆರೆಯಿತು. ಅದರ ಮೇಲೆ 82 ಡಿಗ್ರಿ ಎಂದು ಕೊರೆದಿದೆ, ನಿಖರವಾಗಿ ಎಷ್ಟಕ್ಕೆ ತೆರೆಯಿತೆಂದು ಅಳೆಯಲು ನನ್ನ ಬಳಿ ಮಾಪಕ ಇರಲಿಲ್ಲ. ರೇಡಿಯೇಟರ್ ಬಿಚ್ಚಿದಾಗ ಹನ್ನೊಂದು ವರ್ಷದ ಥರ್ಮೋಸ್ಟಾಟನ್ನೂ ಬದಲಾಯಿಸುವುದು ವಾಡಿಕೆ ಎಂದು ಒಪ್ಪಿಕೊಳ್ಳುತ್ತೇನೆ, ಆದರೆ ಅದು ಕೆಟ್ಟಿತ್ತು ಎಂಬ ಮಾತನ್ನು ಒಪ್ಪುವುದಿಲ್ಲ. ಹೋಸ್‌ಗಳ ಕ್ಲಿಪ್ಪುಗಳನ್ನು ಸರಿಯಾದ ಜಾಗದಲ್ಲಿ ಕೂರಿಸಿದ್ದರು, ಒಳಗಿನ ಗಾಳಿಯನ್ನು ಸರಿಯಾಗಿ ತೆಗೆದಿದ್ದರು, ಹೀಟರ್ ಬಿಸಿ ಗಾಳಿ ಕೊಡುತ್ತಿತ್ತು. ಎಂಜಿನ್ನಿನ ಕೆಳಗಿನ ಪ್ಲಾಸ್ಟಿಕ್ ಹಲಗೆಗೆ ಮಾತ್ರ ಆರು ಬೋಲ್ಟುಗಳ ಬದಲು ಎರಡೇ ಬಿಗಿದಿದ್ದರಿಂದ ಗಂಟೆಗೆ 60 ಕಿಲೋಮೀಟರ್ ವೇಗ ದಾಟಿದೊಡನೆ ಗಡಗಡ ಸದ್ದು ಬರುತ್ತಿತ್ತು. ಮರುದಿನ ಹೋದಾಗ ಹತ್ತು ನಿಮಿಷದಲ್ಲಿ ಸರಿಪಡಿಸಿ ಕೊಟ್ಟರು.

ಮುಖ್ಯ ವಿಷಯಕ್ಕೆ ಬರುತ್ತೇನೆ: ತೊಂದರೆ ಮರುಕಳಿಸಿತು. ಹತ್ತೊಂಬತ್ತನೆಯ ದಿನ, ಡಿಸೆಂಬರ್ 4ರಂದು, ತೀರ್ಥಹಳ್ಳಿಯಿಂದ ಬರುವಾಗ ಗಾಜನೂರು ದಾಟಿದ ಮೇಲೆ ಮುಳ್ಳು ಮತ್ತೆ ನಡುಗೆರೆಯಿಂದ ಮೇಲಕ್ಕೆ ಸರಿಯತೊಡಗಿತು. ಈ ಬಾರಿ ಕಾಯದೆ ನಿಲ್ಲಿಸಿದೆ. ಡಬ್ಬಿಯಲ್ಲಿ ಕೂಲಂಟ್ ಕನಿಷ್ಠ ಗೆರೆಗಿಂತ ಕೆಳಗಿಳಿದಿತ್ತು. ರಾತ್ರಿಯೆಲ್ಲ ಕಾರು ನಿಂತಿದ್ದ ಅಂಗಳದ ಟೈಲ್ಸಿನ ಮೇಲೆ ಮರುದಿನ ಬೆಳಿಗ್ಗೆ ಅಂಗೈಯಗಲ ಗುಲಾಬಿ ಬಣ್ಣದ ಒದ್ದೆ ಕಂಡಿತು.

ಶುಕ್ರವಾರ ಕಾರು ಕೊಟ್ಟಾಗ ಅವರು ಮಾಡಿದ ಮೊದಲ ಕೆಲಸವೆಂದರೆ ರೇಡಿಯೇಟರಿನ ಬಾಯಿಗೆ ಕೈಪಂಪು ಕೂರಿಸಿ ಸುಮಾರು ಒಂದು ಬಾರ್ ಒತ್ತಡ ಹಾಕಿ ಮುಳ್ಳನ್ನು ಗಮನಿಸಿದ್ದು. ಸೋರಿಕೆ ಇಲ್ಲದಿದ್ದರೆ ಆ ಮುಳ್ಳು ಅಲ್ಲಾಡಬಾರದು. ಹತ್ತು ನಿಮಿಷದೊಳಗೆ ಅದು ಇಳಿಯಿತು, ಟಾರ್ಚ್ ಹಿಡಿದು ನೋಡಿದಾಗ ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ಹನಿ ಜಿನುಗುತ್ತಿತ್ತು. ಒಳಗಿನ ಸೀಲ್ ಸವೆದಾಗ ಕೂಲಂಟ್ ಬೇರಿಂಗಿನ ಕಡೆಗೆ ಹೋಗದೆ ಹೊರಗೆ ಬರಲಿ ಎಂದೇ ಆ ರಂಧ್ರ ಇರುವುದು. ರಂಧ್ರದ ಸುತ್ತ ಒಣಗಿದ ಬಿಳಿಗುಲಾಬಿ ಹಕ್ಕಳೆಯೂ ಇತ್ತು.

ಇದೇ ಪರೀಕ್ಷೆಯನ್ನು ನವೆಂಬರಿನಲ್ಲಿ ಏಕೆ ಮಾಡಲಿಲ್ಲ ಎಂದು ಕೇಳಿದೆ. ಹಿರಿಯ ಮೆಕ್ಯಾನಿಕ್ ತಡವರಿಸದೆ, "ಪ್ರೆಶರ್ ಹಾಕಿ ನೋಡಬೇಕಿತ್ತು ಸಾರ್, ಶನಿವಾರದ ಗಡಿಬಿಡೀಲಿ ಬಿಟ್ವಿ" ಎಂದರು. ಮಾಲೀಕರ ವಿವರಣೆ ಬೇರೆಯಾಗಿತ್ತು: ಹಳೆಯ ಮುಚ್ಚಳ ಸಡಿಲವಾಗಿದ್ದು ಒತ್ತಡವನ್ನೇ ಹಿಡಿದಿಟ್ಟುಕೊಳ್ಳುತ್ತಿರಲಿಲ್ಲ, ಹೊಸ ರೇಡಿಯೇಟರಿನ ಜೊತೆ ಬಂದ ಹೊಸ ಮುಚ್ಚಳ ಪೂರ್ಣ ಒತ್ತಡ ಹಿಡಿದ ಮೇಲೆ ಮುದಿ ಪಂಪಿನ ಸೀಲ್ ಸೋತಿತು ಎಂದು. ಈ ಮಾತಿನಲ್ಲಿ ಹುರುಳಿದೆ. ಆದರೆ ಹಕ್ಕಳೆ ಕಟ್ಟುವಷ್ಟು ಕಾಲ ಅಲ್ಲಿ ಜಿನುಗಿದೆ ಎಂದಾದರೆ ಸೋರಿಕೆ ನವೆಂಬರಿಗಿಂತ ಹಿಂದಿನದೂ ಆಗಿರಬಹುದು. ಅದೇನೇ ಇದ್ದರೂ ಕೂಲಂಟ್ ಖಾಲಿಯಾಗುತ್ತದೆ ಎಂಬ ದೂರಿನೊಂದಿಗೆ ಬಂದ ಗಾಡಿಗೆ ಸೋರಿಕೆಯ ಪರೀಕ್ಷೆ ಮಾಡದೆ ಹೊರಗೆ ಕಳುಹಿಸಿದ್ದು ಲೋಪವೇ. ಎಂಜಿನ್ ಇನ್ನಷ್ಟು ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಖರ್ಚು ಇದರ ಎಷ್ಟೋ ಪಾಲು ಆಗುತ್ತಿತ್ತು. ನನ್ನ ಅದೃಷ್ಟಕ್ಕೆ ಕೂಲಂಟ್ ಬೆರೆತು ಆಯಿಲ್ ಬೆಳ್ಳಗಾಗಿರಲಿಲ್ಲ.

ಎರಡನೆಯ ಬಾರಿ ಲೇಬರ್ ಹಾಕಲಿಲ್ಲ, ನಾನು ಕೇಳುವ ಮೊದಲೇ ಅವರೇ ಹೇಳಿದರು. ಪಂಪು 1,650, ಬೆಲ್ಟ್ 480, ಕೂಲಂಟ್ 220 ರೂಪಾಯಿ, ಎಲ್ಲದಕ್ಕೂ ಶೇ. 18 ತೆರಿಗೆ ಸೇರಿ 2,773. ಬೆಲ್ಟಿನಲ್ಲಿ ಸಣ್ಣ ಬಿರುಕುಗಳಿದ್ದುದನ್ನು ಬದಲಾಯಿಸುವ ಮೊದಲೇ ಫೋಟೊ ಕಳುಹಿಸಿ ಒಪ್ಪಿಗೆ ಪಡೆದಿದ್ದರು. ಶನಿವಾರ ಸಂಜೆ ಎಂದರು, ಶನಿವಾರ ಸಂಜೆ ಐದಕ್ಕೇ ಕೊಟ್ಟರು, ಅದೂ ಮತ್ತೊಮ್ಮೆ ಒತ್ತಡ ಹಾಕಿ ಹದಿನೈದು ನಿಮಿಷ ಮುಳ್ಳು ಅಲ್ಲಾಡದಿರುವುದನ್ನು ನನಗೆ ತೋರಿಸಿದ ಮೇಲೆ. ಒಂದೇ ಗ್ಯಾರೇಜಿನ ಈ ಎರಡು ನಡವಳಿಕೆಗಳ ನಡುವೆ ಇಷ್ಟು ಅಂತರ ಏಕೆ ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ. ದೂರು ಹಿಡಿದು ಬಂದವನಿಗೆ ಸಿಗುವ ಗಮನ ಮೊದಲ ಸಲ ಬಂದವನಿಗೂ ಸಿಗಬೇಕಾಗಿತ್ತು.

ಎರಡೂ ಸೇರಿ ನನಗಾದ ಖರ್ಚು 12,862 ರೂಪಾಯಿ ಮತ್ತು ಕಾರಿಲ್ಲದೆ ಕಳೆದ ಏಳು ದಿನ. ಪಂಪಿನ ಕೆಲಸಕ್ಕೆ ಆರು ತಿಂಗಳ ಖಾತರಿಯನ್ನು ಬಾಯಿಮಾತಿನಲ್ಲಿ ಹೇಳಿದ್ದರು, ಬಿಲ್ಲಿನ ಮೇಲೆ ಬರೆದುಕೊಡಿ ಎಂದಾಗ ಬರೆದು ಮುದ್ರೆ ಹಾಕಿಕೊಟ್ಟರು. ಮೊದಲ ಬಿಲ್ಲಿನಲ್ಲಿ ಇಂಥ ಒಂದು ಸಾಲೂ ಇರಲಿಲ್ಲ.

ಜನವರಿಯಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಆಗುಂಬೆ ಘಾಟಿ ಹತ್ತಿದ್ದೇನೆ, ಎರಡನೆಯ ಸಲ ಎ.ಸಿ. ಹಾಕಿಕೊಂಡು, ಕಾರಿನಲ್ಲಿ ಐದು ಜನ ಕೂತು. ಮುಳ್ಳು ನಡುಗೆರೆ ಬಿಟ್ಟು ಕದಲಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಡಬ್ಬಿ ನೋಡುತ್ತೇನೆ, ಡಿಸೆಂಬರಿನಲ್ಲಿ ಸ್ಕೆಚ್ ಪೆನ್ನಿನಲ್ಲಿ ಎಳೆದ ಗೆರೆಯಲ್ಲಿಯೇ ಮಟ್ಟ ನಿಂತಿದೆ. ಖಾತರಿ ಜೂನ್ ಮೊದಲ ವಾರದವರೆಗೆ ಇದೆ. ಅದರೊಳಗೆ ಮಟ್ಟ ಇಳಿದರೆ ಇದೇ ಬರಹದ ಕೆಳಗೆ ದಿನಾಂಕ ಸಹಿತ ಸೇರಿಸುತ್ತೇನೆ.